ಪುಸ್ತಕದಲ್ಲಿ ಲಾಭ, ಗಲ್ಲಾಪೆಟ್ಟಿಗೆ ಖಾಲಿ

ಬಳ್ಳಾರಿಯಲ್ಲಿ ನಾವು ಅಣ್ಣತಮ್ಮಂದಿರು ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಘಟಕ ನಡೆಸುತ್ತೇವೆ. ತಿಂಗಳಿಗೆ 500 ಪ್ಯಾಂಟು ಹೋಗುತ್ತಿದ್ದ ಕಾಲದಲ್ಲಿ ಶನಿವಾರದ ಬಟವಾಡೆ ಒಮ್ಮೆಯೂ ತಪ್ಪಿರಲಿಲ್ಲ. ಬೇಡಿಕೆ 1000ಕ್ಕೆ ಏರಿದ ಮೇಲೆ ಒಂದು ಶನಿವಾರ ಟೈಲರ್‌ಗಳನ್ನು ಬರಿಗೈಯಲ್ಲಿ ಕಳುಹಿಸಬೇಕಾಯಿತು. ವ್ಯಾಪಾರ ಇಮ್ಮಡಿಯಾದಾಗಲೇ ಕೂಲಿಗೆ ಹಣವಿಲ್ಲವೆಂದರೆ ಯಾರು ನಂಬುತ್ತಾರೆ? ನಾವು ಒಬ್ಬರನ್ನೊಬ್ಬರು ಅನುಮಾನಿಸಿದೆವು.

“ಲಾಭ ಎಣಿಸಬೇಡಿ, ದಿನ ಎಣಿಸಿ” ಎಂದರು ಅಬ್ಬಾ. ಎಣಿಸಿದೆವು. ಬಟ್ಟೆ ನಮ್ಮಲ್ಲಿ 15 ದಿನ ಇರುತ್ತದೆ. ಕತ್ತರಿಸಿ, ಹೊಲಿದು, ವಾಷಿಂಗ್ ಮಾಡಿಸಿ ಕಳುಹಿಸಲು 20 ದಿನ. ಸರಕು ಕೊಂಡವರು ಹಣ ಕೊಡುವುದು 60 ದಿನಕ್ಕೆ. ಒಟ್ಟು 95 ದಿನ. ಬಟ್ಟೆ ವ್ಯಾಪಾರಿ ನಮಗೆ ಕೊಡುವ ಉದ್ದರಿ 20 ದಿನ. ಕೂಲಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೈಬಿಡುತ್ತದೆ. ಅಂದರೆ ಹಾಕಿದ ರೂಪಾಯಿ ಮರಳಲು 75 ದಿನ, ಎರಡೂವರೆ ತಿಂಗಳು. ಹೀಗೆ ದಾರಿಯಲ್ಲಿರುವ ಹಣವೇ ದುಡಿಯುವ ಬಂಡವಾಳ.

ಒಂದು ಪ್ಯಾಂಟಿನ ಖರ್ಚು 300 ರೂಪಾಯಿ, ಮಾರುವುದು 360ಕ್ಕೆ. 500 ಪ್ಯಾಂಟಿಗೆ ತಿಂಗಳ ಖರ್ಚು ಒಂದೂವರೆ ಲಕ್ಷ. ಎರಡೂವರೆ ತಿಂಗಳಿಗೆ 3.75 ಲಕ್ಷ ದಾರಿಯಲ್ಲಿರುತ್ತಿತ್ತು. 1000 ಪ್ಯಾಂಟಿಗೆ ಅದು 7.5 ಲಕ್ಷವಾಯಿತು. ಹೆಚ್ಚುವರಿ 3.75 ಲಕ್ಷ ಎಲ್ಲಿಂದ ಬರಬೇಕು? ಲಾಭ ತಿಂಗಳಿಗೆ 60 ಸಾವಿರ. ಮನೆಗೆ ಒಂದು ಪೈಸೆ ಒಯ್ಯದಿದ್ದರೂ ಆರು ತಿಂಗಳಿಗಿಂತ ಹೆಚ್ಚು ಬೇಕು. ಆ ಲಾಭವೂ ಉದ್ದರಿಯಲ್ಲೇ ಇತ್ತು. ಯಾರೂ ಕದ್ದಿರಲಿಲ್ಲ, ನಮ್ಮ ಹಣ ಅಂಗಡಿಗಳ ಕಪಾಟಿನಲ್ಲಿ ಪ್ಯಾಂಟಾಗಿ ಕುಳಿತಿತ್ತು.

ಬರಬೇಕಾದ ಬಾಕಿಯನ್ನೂ ನೋಡಿದೆವು. ಮಾರಾಟ ಎರಡು ಪಟ್ಟಾದರೆ ಬಾಕಿಯೂ ಎರಡು ಪಟ್ಟಾಗುವುದು ಸಹಜ. ಮೂರು ಪಟ್ಟಾದರೆ ಕೊಳ್ಳುವವರು ಗಡುವು ಮೀರುತ್ತಿದ್ದಾರೆಂದು ತಿಳಿಯಬೇಕು. ನಮ್ಮಲ್ಲಿ ಹಾಗಾಗಿರಲಿಲ್ಲ, ಬೆಳವಣಿಗೆಯೇ ಹಣ ನುಂಗಿತ್ತು.

ಸಾಲ ತಂದು ಬಡ್ಡಿ ಕಟ್ಟುವುದಕ್ಕೆ ಅಬ್ಬಾ ಒಪ್ಪಲಿಲ್ಲ. ಉಳಿದದ್ದು ದಿನ ಕಡಿಮೆ ಮಾಡುವ ದಾರಿ. 60 ದಿನದ ಉದ್ದರಿ 45ಕ್ಕೆ ಇಳಿದರೆ ಒಂದೂವರೆ ಲಕ್ಷ ಬಿಡುಗಡೆಯಾಗುತ್ತದೆ. ಉದ್ಯಮ್ ನೋಂದಣಿಯಿರುವ ಸಣ್ಣ ತಯಾರಕರಿಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಕಾನೂನೇ ಹೇಳುತ್ತದೆ. ಆದರೆ ಕಾನೂನು ತೋರಿಸಿದರೆ ಗಿರಾಕಿಯೇ ಕೈತಪ್ಪುವ ಭಯ ನಮ್ಮಂಥವರಿಗೆ ಇದ್ದೇ ಇದೆ. ಒಬ್ಬರು ಒಪ್ಪಿದರು, ಒಬ್ಬರು ಬಿಟ್ಟುಹೋದರು. ಮೂರನೆಯವರು ತಮ್ಮದೇ ಬಟ್ಟೆ ಕೊಟ್ಟು ನಮ್ಮಿಂದ ಹೊಲಿಗೆಯಷ್ಟೇ ಮಾಡಿಸತೊಡಗಿದರು. ಲಾಭ ಕಡಿಮೆ, ಆದರೆ ಬಟ್ಟೆಗೆ ನಮ್ಮ ಹಣ ಸಿಕ್ಕಿಕೊಳ್ಳುವುದಿಲ್ಲ.

ಈಗ ನಾವು ತಿಂಗಳಿಗೆ 800 ಪ್ಯಾಂಟಿಗಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ದೊಡ್ಡ ಆರ್ಡರ್ ಬಂದಾಗ ಮೊದಲು ಕೇಳುವುದು ದರವನ್ನಲ್ಲ, ಹಣ ಬರುವ ದಿನವನ್ನು. ಶನಿವಾರದ ಬಟವಾಡೆ ಮತ್ತೆ ತಪ್ಪಿಲ್ಲ.