ಒಳಗೆ ಮಡಚಿದ ಎರಡು ಇಂಚು

ಮೊಮ್ಮಗ ಬಸವಕಲ್ಯಾಣದಲ್ಲಿ ಹತ್ತನೇ ತರಗತಿಯಲ್ಲಿದ್ದ. ಬೀಳ್ಕೊಡುಗೆ ದಿನ ಯೂನಿಫಾರ್ಮ್ ಬೇಡ, ಫಾರ್ಮಲ್ ಶರ್ಟು ಪ್ಯಾಂಟು ಹಾಕಿಕೊಂಡು ಬರಬೇಕೆಂದು ಶಾಲೆಯಲ್ಲಿ ಹೇಳಿದ್ದರಂತೆ. ನಾನು ಹುಮನಾಬಾದಿನಿಂದ ಬಸ್ಸು ಹತ್ತಿ ಹೋದೆ. ಖರ್ಚು ನನ್ನದು, ಆದ್ದರಿಂದ ಆಯ್ಕೆಯೂ ನನ್ನದೇ ಎಂದುಕೊಂಡಿದ್ದೆ.

ಅಂಗಡಿಯಲ್ಲಿ ತಿಳಿನೀಲಿ ಬಣ್ಣದ ತುಂಬು ತೋಳಿನ ಶರ್ಟು ಅವನಿಗೆ ಹಿಡಿಸಿತು. 38ರ ಅಳತೆ ಸರಿಯಾಗಿ ಕೂತಿತು. ನಾನು, "40ರದು ತಗೋ, ಕಾಲೇಜಿಗೂ ಆಗ್ತದ" ಅಂದೆ. ಹಾಕಿಕೊಂಡು ಹೊರಗೆ ಬಂದ. ಭುಜದ ಹೊಲಿಗೆ ತೋಳಿನ ಮೇಲೆ ಜಾರಿತ್ತು, ಕಫ್ ಅಂಗೈ ಮುಚ್ಚಿತ್ತು. ಕನ್ನಡಿ ನೋಡಿದವನು ಮೆಲ್ಲಗೆ, "ನೀನ್ಹ್ಯಾಂಗ ಅಂತಿ ಹಾಂಗೇ ಆಗಲಿ, ಮುತ್ಯಾ" ಅಂದ.

ಆ ದನಿ ನನಗೆ ಗೊತ್ತಿತ್ತು. 1967ರಲ್ಲಿ ನನ್ನ ಬೀಳ್ಕೊಡುಗೆಗೆ ಅಪ್ಪ "ಮುಂದಿನ ವರ್ಷಕ್ಕೂ ಬರ್ತದ" ಎಂದು ಹೊಲಿಸಿದ ಅಂಗಿಯೂ ಹೀಗೇ ಇತ್ತು. ಗ್ರೂಪ್ ಫೋಟೋದಲ್ಲಿ ನಾನು ಹಿಂದಿನ ಸಾಲಿನಲ್ಲಿ, ಇನ್ನೊಬ್ಬನ ಭುಜದ ಮರೆಯಲ್ಲಿ ನಿಂತಿದ್ದೇನೆ. 40ರದನ್ನು ಮಾತಾಡದೆ ವಾಪಸು ಕೊಟ್ಟೆ.

ಶರ್ಟಿನಲ್ಲಿ ಭುಜ ಸರಿಯಿಲ್ಲದಿದ್ದರೆ ಆಮೇಲೆ ತಿದ್ದುವುದು ಕಷ್ಟ. ಹೊಲಿಗೆ ಭುಜದ ಮೂಳೆಯ ತುದಿಗೇ ಬರಬೇಕು. ಗುಂಡಿ ಹಾಕಿದ ಮೇಲೆ ಕಾಲರ್ ಒಳಗೆ ಎರಡು ಬೆರಳು ಆಡಬೇಕು. ಕೈ ಇಳಿಬಿಟ್ಟರೆ ಕಫ್ ಮಣಿಕಟ್ಟಿಗೆ ನಿಲ್ಲಬೇಕು. 38ರದು ಮೂರಕ್ಕೂ ಪಾಸಾಯಿತು.

ಪ್ಯಾಂಟನ್ನು ಮಾತ್ರ ಸಿದ್ಧ ಉಡುಪಿನದು ಬೇಡ ಅಂದೆ. ಒಳಗೆ ಬಿಚ್ಚಲು ಬಟ್ಟೆಯೇ ಇರಲಿಲ್ಲ. 58 ಇಂಚು ಪನ್ನದ ಕಡುಬೂದು ಬಟ್ಟೆ ಒಂದೂಕಾಲು ಮೀಟರ್ ಕೊಂಡು, ಹುಡುಗನನ್ನೂ ಕರೆದುಕೊಂಡು ಹುಮನಾಬಾದಿಗೆ, ನನ್ನ ಹಳೆಯ ದರ್ಜಿಯ ಬಳಿ ಬಂದೆ. ಅಲ್ಲಿಯೂ ನನ್ನ ಚಟ ಬಿಡಲಿಲ್ಲ: "ಸ್ವಲ್ಪ ದೊಡ್ಡದಾಗೇ ಹೊಲೀರಿ."

ಅವರು ಟೇಪು ಕೊರಳಿಗೆ ಹಾಕಿಕೊಂಡು ನಕ್ಕರು. "ಸಾಹೇಬ್ರ, ದೊಡ್ಡದು ಯಾಕ? ಹುಡುಗನ ಅಳತಿಗೇ ಹೊಲೀತೀನಿ. ಬೆಳ್ಯಾಕ ಬೇಕಾದ ಬಟ್ಟಿ ಒಳಗ ಮಡಚಿ ಬಿಡ್ತೀನಿ."

ಕಾಲ ತುದಿಯಲ್ಲಿ ಮಾಮೂಲಿ ಮಡಿಕೆಗಿಂತ ಎರಡು ಇಂಚು ಹೆಚ್ಚು, ಸೊಂಟದ ಹಿಂದಿನ ಹೊಲಿಗೆಯಲ್ಲಿ ಒಂದೂವರೆ ಇಂಚು. ಒಂದೇ ಎಚ್ಚರ ಹೇಳಿದರು. ತುದಿ ಬಿಚ್ಚಿದಾಗ ಹಳೆ ಮಡಿಕೆಯ ಗೆರೆ ಕಾಣುತ್ತದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ಬಹುಮಟ್ಟಿಗೆ ಹೋಗುತ್ತದೆ. ಆದರೆ ಒಗೆದೊಗೆದು ಬಣ್ಣ ಮಾಸಿದ್ದರೆ ಗೆರೆ ಉಳಿದೇಬಿಡುತ್ತದೆ. ಅಳತೆ ಕೊಡುವಾಗ ಶಾಲೆಗೆ ಹಾಕುವ ಬೂಟನ್ನೇ ಹಾಕಿಸಿ ನಿಲ್ಲಿಸಿದರು. ಚಪ್ಪಲಿಯಲ್ಲಿ ಅಳೆದರೆ ಬೂಟಿನ ಹಿಮ್ಮಡಿಯ ಮೇಲೆ ಪ್ಯಾಂಟು ಗಿಡ್ಡವಾಗಿ ಕಾಣುತ್ತದಂತೆ. ಬ್ಯಾಂಕಿನಲ್ಲಿ ಇಷ್ಟು ವರ್ಷ ಇಸ್ತ್ರಿ ಪ್ಯಾಂಟು ಹಾಕಿದ ನನಗೆ ಇದು ಹೊಸ ಸುದ್ದಿ!

ಬೀಳ್ಕೊಡುಗೆಯ ಸಂಜೆ ಸೊಸೆ ಫೋಟೋ ಕಳಿಸಿದಳು. ಹುಡುಗ ಮುಂದಿನ ಸಾಲಿನಲ್ಲಿದ್ದ.

ಜೂನ್‌ನಲ್ಲಿ ಕಾಲೇಜಿಗೆ ಸೇರುವ ಹೊತ್ತಿಗೆ ಪ್ಯಾಂಟು ಮೇಲೇರಿತ್ತು. ಒಂದು ಇಂಚು ಬಿಚ್ಚಿಸಿದೆವು. ಇನ್ನೊಂದು ಒಳಗೇ ಇದೆ.