ಎಡಕ್ಕೆ ಅಂಟಿಕೊಂಡ ತಾರೀಕು

ಮೊನ್ನೆ ಮನೆ ಬದಲಾಯಿಸುವಾಗ ಹಳೇ ಫೈಲೊಂದರಿಂದ ಮಡಚಿದ ಹಾಳೆಯೊಂದು ಜಾರಿ ಬಿತ್ತು. ಗೆರೆ ಹಾಕಿದ ನೋಟ್‌ಬುಕ್ ಹಾಳೆ, ನೀಲಿ ಪೆನ್ನು, ಮೂಲೆಯಲ್ಲಿ ಕಾಫಿ ಲೋಟದ ಗುರುತು. ಬಿಡಿಸುವ ಮೊದಲೇ ಗೊತ್ತಾಯ್ತು, ಅಕ್ಕನ ಪತ್ರ!

2019ರ ಮಾತು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಸಣ್ಣ ಕಂಪನಿಯೊಂದಕ್ಕೆ ಸೇರಿದ್ದೆ. ಕಟ್ಟಡಗಳ ಹೌಸ್‌ಕೀಪಿಂಗ್ ಗುತ್ತಿಗೆ ಹಿಡಿಯುವ ಕಂಪನಿ. ಅಲ್ಲಿದ್ದ ಒಬ್ಬನೇ ಸಾಫ್ಟ್‌ವೇರ್ ಇಂಜಿನಿಯರ್ ನಾನು (ಅಂದರೆ ಪ್ರಿಂಟರ್ ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು). ಆಫೀಸ್ ಅಸಿಸ್ಟೆಂಟ್ ಆಗಿದ್ದವರನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದೆವು. ಮೂರು ಸೈಟುಗಳಿಂದ ಬರುವ ಹಾಜರಿ ವರದಿಗಳನ್ನು ಒಂದೇ ಟೆಂಪ್ಲೇಟಿಗೆ ತಂದು ಅಕೌಂಟ್ಸ್‌ಗೆ ಕೊಡುವುದು ಅವರ ತಿಂಗಳ ಕೆಲಸ. ಅದನ್ನು ನೋಡಿ ಏಳನೇ ತಾರೀಕು ಸಂಬಳ. ನವೆಂಬರ್ ಕೊನೆಗೆ ಅಕ್ಕ ಕೆಲಸ ಬಿಟ್ಟು ಊರಿಗೆ ಹೊರಟರು. ಹೋಗುವ ದಿನ ನನ್ನ ಕೈಗಿಟ್ಟದ್ದು ಈ ಹಾಳೆ:

“1. ಮೂರು ಸೈಟಿನ ಫೈಲೂ ಒಂದನೇ ತಾರೀಕು ಮೇಲ್‌ನಲ್ಲಿ ಬರುತ್ತೆ. ಬಂದ ಹಾಗೇ ಒಂದು ಕಾಪಿ ‘ಮೂಲ’ ಫೋಲ್ಡರಿಗೆ ಹಾಕಿಡಿ. ಅದನ್ನು ಮುಟ್ಟಬೇಡಿ.

2. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ಎಕ್ಸೆಲ್ ತೆಗೆದು Data, From Text ಇಂದ ಒಳಗೆ ತನ್ನಿ.

3. ಕೋಡ್ ಕಾಲಂಗೆ Text ಆರಿಸಿ, ಇಲ್ಲದಿದ್ದರೆ ಮುಂದಿನ ಸೊನ್ನೆ ಹೋಗುತ್ತೆ. ತಾರೀಕಿನ ಕಾಲಂಗೆ Date, DMY.

4. ತಾರೀಕೆಲ್ಲ ಬಲಕ್ಕಿರಬೇಕು. ಒಂದೇ ಒಂದು ಎಡಕ್ಕೆ ಅಂಟಿಕೊಂಡಿದ್ದರೂ ಸೇವ್ ಮಾಡದೆ ಮುಚ್ಚಿ, ಮೊದಲಿಂದ ಶುರು ಮಾಡಿ. ಕೈಯಲ್ಲಿ ತಿದ್ದಬೇಡಿ.

5. ಟೆಂಪ್ಲೇಟಿಗೆ ಅಂಟಿಸುವಾಗ Paste Special, Values ಮಾತ್ರ.

6. ಗಂಟೆಗಳ ಒಟ್ಟು ಎರಡೂ ಕಡೆ ಒಂದೇ ಇರಬೇಕು.

7. ಒಟ್ಟು ಸರಿ ಇದೆ ಅಂತ ಕಳಿಸಿಬಿಡಬೇಡಿ. ಪ್ರತಿ ಸೈಟಿನ ಒಬ್ಬರ ದಿನಗಳನ್ನು ಹಾಜರಿ ಪುಸ್ತಕ ಇಟ್ಟುಕೊಂಡು ಬೆರಳಲ್ಲಿ ಎಣಿಸಿ.”

ಓದಿ ನನಗೆ ನಗು ಬಂತು. ಎಡಕ್ಕಿದೆಯಾ ಬಲಕ್ಕಿದೆಯಾ ಅಂತ ನೋಡೋದು ಒಂದು ಕೆಲಸವಾ? ಬೆರಳಲ್ಲಿ ಎಣಿಸೋದಾ? ನಾನು ಇಂಜಿನಿಯರ್ ಅಲ್ವಾ! ಅವತ್ತು ರಾತ್ರಿಯೇ ಕೂತು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ಅಕ್ಕನಿಗೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಕೆಲವೇ ಸೆಕೆಂಡಿನಲ್ಲಿ ಮುಗಿಯಿತು. ಆರನೇ ಹೆಜ್ಜೆಯನ್ನು ಮಾತ್ರ ಗೌರವದಿಂದ ಉಳಿಸಿಕೊಂಡೆ. ಗಂಟೆಗಳ ಒಟ್ಟು ತಾಳೆಯಾಯಿತು. ಡಿಸೆಂಬರ್ ಮೂರಕ್ಕೇ ಅಕೌಂಟ್ಸ್‌ಗೆ ಕಳಿಸಿ ಕಾಲರ್ ಎತ್ತಿಕೊಂಡೆ.

ಸಂಬಳ ಆದಮೇಲೆ ಒಂದು ಸೈಟಿನಿಂದ ಒಬ್ಬರು ಹೆಂಗಸು ನೇರ ಆಫೀಸಿಗೇ ಬಂದರು. ಬಟ್ಟೆ ಚೀಲದಿಂದ ತೆಗೆದದ್ದು ಏನು ಗೊತ್ತಾ? ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಿಂದ ಹರಿದ ನವೆಂಬರ್ ಹಾಳೆ. ಕೆಲಸಕ್ಕೆ ಬಂದ ದಿನಗಳಿಗೆಲ್ಲ ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿದ್ದರು. “ಸಾರ್, ನಾಕು ಭಾನುವಾರ, ರಾಜ್ಯೋತ್ಸವ ಒಂದಿನ ಬಿಟ್ರೆ ಎಲ್ಲಾ ದಿನ ಬಂದಿದೀನಿ. ಇಪ್ಪತ್ತೈದಾಗ್ಬೇಕು. ಹದಿನೇಳು ದಿನದ ಸಂಬಳ ಹಾಕವ್ರೆ. ನನ್ನ ಎಂಟು ದಿನ ಎಲ್ಲೋಯ್ತು?”

ನಾನು ಕಂಪ್ಯೂಟರ್ ತೆಗೆದು ಅವರ ಕೋಡ್ ಹಾಕಿ ನೋಡಿದೆ. ಇಪ್ಪತ್ತೈದು ಸಾಲುಗಳೂ ಇದ್ದವು. ಆದರೆ ಕೆಲವು ಫೆಬ್ರವರಿಯಲ್ಲಿ, ಏಪ್ರಿಲ್‌ನಲ್ಲಿ, ಮೇನಲ್ಲಿ... ಒಂದಂತೂ 11 ಡಿಸೆಂಬರ್ 2019. ಅವತ್ತಿಗೆ ಆ ದಿನ ಇನ್ನೂ ಹುಟ್ಟೇ ಇರಲಿಲ್ಲ!

ಆಗಿದ್ದು ಇಷ್ಟು. ಎರಡು ಸೈಟಿನ ಹಾಜರಿ ಮಶೀನು ತಾರೀಕನ್ನು 02-Nov-2019 ಅಂತ ಬರೆಯುತ್ತಿತ್ತು, ಅದರಲ್ಲಿ ಗೊಂದಲವಿಲ್ಲ. ಈ ಸೈಟಿನದು ಮಾತ್ರ 02/11/2019. ನಮಗೆ ಅದು ನವೆಂಬರ್ ಎರಡು. ನನ್ನ ಸ್ಕ್ರಿಪ್ಟ್ ಅಮೆರಿಕದ ಪದ್ಧತಿಯಲ್ಲಿ ತಿಂಗಳನ್ನು ಮೊದಲು ಓದಿ ಅದನ್ನು ಫೆಬ್ರವರಿ ಹನ್ನೊಂದು ಮಾಡಿತ್ತು. ಹನ್ನೆರಡನೇ ತಾರೀಕಿನ ತನಕ ಇದೇ ಕಥೆ. ಹನ್ನೊಂದನೇ ತಾರೀಕು ಮಾತ್ರ ತಿರುಗಿಸಿದರೂ ಅದೇ ಆದ್ದರಿಂದ ಬಚಾವಾಯಿತು. 13/11/2019 ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಅದಕ್ಕೆ ಏನೂ ಹೇಳದೆ ತಾನೇ ಪದ್ಧತಿ ಬದಲಿಸಿ ಸರಿಯಾಗಿ ಓದಿಕೊಂಡಿತು. ಅಂದಿನ ಪಾಂಡಾಸ್ ಲೈಬ್ರರಿ ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ಊಹಿಸುತ್ತಿತ್ತು. ಹೀಗೆ ಹದಿಮೂರರಿಂದ ಮೂವತ್ತರವರೆಗಿನ ಹದಿನಾರು ಕೆಲಸದ ದಿನ, ಜೊತೆಗೆ ಹನ್ನೊಂದನೇ ತಾರೀಕು, ಒಟ್ಟು ಹದಿನೇಳು. ಟೆಂಪ್ಲೇಟು ನವೆಂಬರಿನದನ್ನು ಮಾತ್ರ ಎಣಿಸಿ ಉಳಿದ ಎಂಟನ್ನು ಬಿಟ್ಟಿತು. ತಾರೀಕು ತಿರುಗಿದರೆ ಗಂಟೆ ಬದಲಾಗುವುದಿಲ್ಲವಲ್ಲ, ಒಟ್ಟು ಮಾತ್ರ ಚೆನ್ನಾಗಿ ತಾಳೆಯಾಗಿತ್ತು.

ಈಗ ನಾಲ್ಕನೇ ಹೆಜ್ಜೆ ಅರ್ಥವಾಯಿತು. ಅಮೆರಿಕದ ಪದ್ಧತಿಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ಅದೇ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಕೂಡ ಮೊದಲ ಹನ್ನೆರಡು ದಿನಗಳನ್ನು ತಿರುಗಿಸಿಬಿಡುತ್ತೆ. ಹದಿಮೂರನೆಯದು ಅದಕ್ಕೆ ತಾರೀಕು ಅಂತಲೇ ಅನ್ನಿಸುವುದಿಲ್ಲ. ಬರೀ ಅಕ್ಷರ ಅಂದುಕೊಂಡು ಎಡಕ್ಕೆ ಅಂಟಿಸುತ್ತೆ, ತಾರೀಕು ಅಂದುಕೊಂಡದ್ದು ಬಲಕ್ಕೆ ಹೋಗುತ್ತೆ. ತಮಾಷೆ ಏನೆಂದರೆ, ಎಡಕ್ಕಿರುವವೇ ಸರಿಯಾದ ತಾರೀಕುಗಳು, ಬಲಕ್ಕೆ ಶಿಸ್ತಾಗಿ ನಿಂತವು ಕೆಟ್ಟವು. ಎಡದ್ದನ್ನು ಮಾತ್ರ ಕೈಯಲ್ಲಿ ತಿದ್ದಿದರೆ ಇದ್ದ ಒಂದೇ ಗುರುತೂ ಅಳಿಸಿಹೋಗುತ್ತೆ. ಅದಕ್ಕೇ “ಕೈಯಲ್ಲಿ ತಿದ್ದಬೇಡಿ”. ಎಕ್ಸೆಲ್ ಆ ಗುರುತನ್ನಾದರೂ ಬಿಟ್ಟಿತ್ತು, ನನ್ನ ಸ್ಕ್ರಿಪ್ಟ್ ಅದನ್ನೂ ಬಿಡಲಿಲ್ಲ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. “ಅಯ್ಯೋ, ಅದಾ? ನಾನು ಸೇರಿದ ವರ್ಷ ಹೀಗೇ ಮಾಡಿ ಬೈಸಿಕೊಂಡಿದ್ದೆ ಕಣಪ್ಪಾ” ಅಂದರು. “ಹಾಗಾದ್ರೆ ಕಾರಣ ಯಾಕೆ ಬರೀಲಿಲ್ಲ ಅಕ್ಕಾ?” ಅಂದೆ. “ಹಾಳೇಲಿ ಜಾಗ ಇರ್ಲಿಲ್ಲ. ಮಾಡ್ಬೇಡ ಅಂದ್ರೆ ಮಾಡಲ್ಲ ಅಂದ್ಕೊಂಡೆ.”

ಆ ಸೈಟಿನ ಎಲ್ಲರಿಗೂ ಬಾಕಿ ಹಣ ಸೇರಿದ್ದು ಒಂದು ವಾರದ ಮೇಲೆ. ಕ್ಯಾಲೆಂಡರ್ ತಂದವರು ಅಷ್ಟರಲ್ಲಿ ಚೀಟಿ ಕಟ್ಟಲು ಪಕ್ಕದ ಮನೆಯಲ್ಲಿ ಸಾಲ ಮಾಡಿದ್ದರಂತೆ. ಕ್ಷಮಿಸಿ ಅಂದೆ. “ಇರ್ಲಿ ಬಿಡಿ ಸಾರ್” ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಸ್ಕ್ರಿಪ್ಟ್ ತಿದ್ದುವುದಕ್ಕೆ ಎರಡು ಸಾಲು ಸಾಕಾಯಿತು:

```python
d = pd.to_datetime(df["date"], format="%d/%m/%Y")
assert ((d.dt.year == 2019) & (d.dt.month == 11)).all()
```

ಮೊದಲನೆಯದರಲ್ಲಿ ಊಹೆಗೆ ಜಾಗವಿಲ್ಲ, ಬೇರೆ ರೂಪದ ತಾರೀಕು ಬಂದರೆ ಅಲ್ಲೇ ನಿಲ್ಲುತ್ತೆ. ಹಾಗಾಗಿ ಉಳಿದ ಎರಡು ಸೈಟಿಗೆ ಅವುಗಳದೇ ರೂಪ ಬರೆದೆ. ಎರಡನೆಯದು ವರದಿಯ ತಿಂಗಳು ಬಿಟ್ಟು ಬೇರೆ ತಿಂಗಳು ಕಂಡರೆ ಮುಂದೆ ಹೋಗಲು ಬಿಡುವುದಿಲ್ಲ. ಪಾಂಡಾಸ್ ಕೂಡ 2023ರಲ್ಲಿ ಬಂದ 2.0ರಿಂದ ಮೊದಲ ತಾರೀಕಿನ ರೂಪವನ್ನೇ ಉಳಿದವಕ್ಕೂ ಹಿಡಿಯುತ್ತೆ, 13/11 ಬಂದಾಗ ತಪ್ಪು ಅಂತ ಕೂಗುತ್ತೆ. ಆದರೆ ಫೈಲಿನಲ್ಲಿ ಹನ್ನೆರಡನೇ ತಾರೀಕಿನ ತನಕ ಮಾತ್ರ ಇದ್ದರೆ ಅದಕ್ಕೂ ಗೊತ್ತಾಗುವುದಿಲ್ಲ.

ಅಕ್ಕನ ಪತ್ರವನ್ನು ಟೈಪ್ ಮಾಡಿ, ಪ್ರತಿ ಹೆಜ್ಜೆಯ ಕೆಳಗೂ “ಯಾಕೆಂದರೆ” ಅಂತ ಒಂದು ಸಾಲು ಸೇರಿಸಿದೆ. ಮರುವರ್ಷ ನಾನು ಆ ಕೆಲಸ ಬಿಟ್ಟಾಗ ಹೊಸ ಹುಡುಗನಿಗೆ ಕೊಟ್ಟದ್ದು ಅದನ್ನೇ. ಏಳನೇ ಹೆಜ್ಜೆ ನೋಡಿ ಅವನೂ ನಕ್ಕ. ಹೊರಡುವ ಮೊದಲು ಅವನ ಪಕ್ಕ ಕೂತು, ಹಾಜರಿ ಪುಸ್ತಕ ತೆಗೆಸಿ, ಒಬ್ಬರ ದಿನಗಳನ್ನು ಅವನ ಬೆರಳಲ್ಲೇ ಎಣಿಸಿಸಿದೆ.