ಅಪ್ಪನ ಮುಖ, ನನ್ನ ನಗು

ಅಪ್ಪ ಓಡಾಡುವುದನ್ನು ನೋಡಬೇಕೆಂದರೆ ನಮ್ಮ ಮನೆಯಲ್ಲಿ ಉಳಿದಿರುವುದು ಚಿಕ್ಕಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಒಂದೇ. ಅದರಲ್ಲಿ ಅವರು ಪಂಕ್ತಿಯಲ್ಲಿ ಕೂತು ಪಾಯಸ ಬಡಿಸಿಕೊಳ್ಳುತ್ತಾರೆ, ಯಾರನ್ನೋ ಕೈಬೀಸಿ ಕರೆಯುತ್ತಾರೆ, ಕ್ಯಾಮೆರಾ ಕಂಡ ಕೂಡಲೇ ಬಾಯಿ ಬಿಗಿದುಕೊಳ್ಳುತ್ತಾರೆ. ಕಳೆದ ವರ್ಷ ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಸಿದಾಗ ತಲೆಗೊಂದು ಹುಳ ಹೊಕ್ಕಿತು. ನನ್ನ ಪಿಎಚ್.ಡಿ. ಕೆಲಸವೇ ಮುಖ ಬದಲಿಸಿದ ವಿಡಿಯೊಗಳನ್ನು ಪತ್ತೆಹಚ್ಚುವುದು. ಅಂಥದ್ದೊಂದನ್ನು ನಾನೇ ಮಾಡಿ ಅಪ್ಪನನ್ನು ಒಮ್ಮೆ ನಗಿಸಿದರೆ?

ಆರಿಸಿಕೊಂಡದ್ದು 2017ರಲ್ಲಿ ‘ಡೀಪ್‌ಫೇಕ್’ ಎಂಬ ಹೆಸರಿನೊಂದಿಗೆ ಹರಡಿದ ಹಳೆಯ ವಿಧಾನ. ನಟಿಯರ ಮುಖಗಳನ್ನು ಅಶ್ಲೀಲ ಚಿತ್ರಗಳಿಗೆ ಅಂಟಿಸುತ್ತಲೇ ಹುಟ್ಟಿದ ವಿದ್ಯೆ ಅದು. ಮನೆಯ ಕ್ಯಾಸೆಟ್ಟಿನ ಮೇಲೆ ಪ್ರಯೋಗಿಸುವಾಗಲೂ ಆ ಕೊಳೆ ಮರೆತುಹೋಗಲಿಲ್ಲ. ಆದರೆ ಅದರ ರಚನೆ ಸರಳ. ಮುಖವನ್ನು ಕತ್ತರಿಸಿ 64×64 ಪಿಕ್ಸೆಲ್‌ಗಳ ಚಿತ್ರ ಮಾಡಿಕೊಳ್ಳಬೇಕು. ಮೂರು ಬಣ್ಣ ಸೇರಿದರೆ 12,288 ಸಂಖ್ಯೆಗಳು. ಎನ್‌ಕೋಡರ್ ಅವನ್ನು ಹಿಂಡಿ 1,024 ಸಂಖ್ಯೆಗಳ ಇಕ್ಕಟ್ಟಿನ ಮೂಲಕ ದಾಟಿಸುತ್ತದೆ. ಡಿಕೋಡರ್ ಅಷ್ಟರಿಂದಲೇ ಮುಖವನ್ನು ಮತ್ತೆ ಬಿಡಿಸಬೇಕು. ಎರಡೂ ಸೇರಿ ಆಟೋಎನ್‌ಕೋಡರ್.

ಕರಾಮತ್ತು ಇರುವುದು ಹಂಚಿಕೆಯಲ್ಲಿ. ಎನ್‌ಕೋಡರ್ ಇಬ್ಬರಿಗೂ ಒಂದೇ, ಡಿಕೋಡರ್ ಮಾತ್ರ ಒಬ್ಬೊಬ್ಬರಿಗೆ ಒಂದು. ತರಬೇತಿಯಲ್ಲಿ ನನ್ನ ಮುಖವನ್ನು ತುಸು ಸೊಟ್ಟ ಮಾಡಿ ಒಳಗೆ ಕೊಟ್ಟು, ನನ್ನ ಡಿಕೋಡರ್‌ನಿಂದ ನೆಟ್ಟಗಿನ ಮುಖ ಕೇಳುತ್ತೇವೆ. ಅಪ್ಪನ ಮುಖಕ್ಕೂ ಅವರ ಡಿಕೋಡರ್‌ನೊಂದಿಗೆ ಹಾಗೆಯೇ. ಇಬ್ಬರಿಗೂ ಬೇರೆ ಬೇರೆ ಎನ್‌ಕೋಡರ್ ಕೊಟ್ಟಿದ್ದರೆ ಎರಡೂ ತಮ್ಮ ತಮ್ಮ ಗುಟ್ಟುಭಾಷೆ ಕಟ್ಟಿಕೊಳ್ಳುತ್ತಿದ್ದವು: ನನ್ನಲ್ಲಿ ಬಾಯಿ ತೆರೆದದ್ದನ್ನು ಹೇಳುವ ಸಂಖ್ಯೆ ಅಪ್ಪನಲ್ಲಿ ಕತ್ತು ತಿರುಗಿದ್ದನ್ನು ಹೇಳಬಹುದಿತ್ತು. ಒಂದೇ ಎನ್‌ಕೋಡರ್, ಅದೂ ಇಕ್ಕಟ್ಟು ಜಾಗ ಎಂದಾಗ ಬಾಯಿ, ಕಣ್ಣು, ಕತ್ತಿನ ಓರೆಯನ್ನು ಇಬ್ಬರಿಗೂ ಒಂದೇ ರೀತಿ ಬರೆದುಕೊಳ್ಳುವುದು ಅದಕ್ಕೆ ಅಗ್ಗ. ಯಾರ ಮೂಗು, ಯಾರ ಮೀಸೆ ಎಂಬುದು ಡಿಕೋಡರ್‌ನ ನೆನಪಿಗೆ ಸೇರುತ್ತದೆ. ಆಮೇಲೆ ನನ್ನ ಮುಖವನ್ನು ಎನ್‌ಕೋಡರ್‌ಗೆ ಕೊಟ್ಟು, ಬಂದ ಸಂಖ್ಯೆಗಳನ್ನು ಅಪ್ಪನ ಡಿಕೋಡರ್‌ಗೆ ತಿರುಗಿಸಿದರೆ ನಾನು ನಕ್ಕಾಗ ಅಪ್ಪ ನಗಬೇಕು.

ನಗಲಿಲ್ಲ. ಎರಡು ದಿನ ಓಡಿಸಿದ ಮೇಲೆ ಬಂದದ್ದು ಕಲೆಸಿಟ್ಟ ಹಿಟ್ಟಿನಂಥ ಮುಖ. ವಿಚಿತ್ರವೆಂದರೆ ದೋಷದ ಅಂಕಿ ಚೆನ್ನಾಗಿಯೇ ಇಳಿದಿತ್ತು. ಅದು ಅಳೆಯುವುದು ಅಪ್ಪನಿಂದ ಅಪ್ಪ, ನನ್ನಿಂದ ನಾನು ಎಷ್ಟು ಸರಿಯಾಗಿ ಬಂದೆವು ಎಂಬುದನ್ನಷ್ಟೇ. ನನ್ನಿಂದ ಅಪ್ಪ ಬಂದದ್ದು ಸರಿಯೋ ತಪ್ಪೋ ಎಂದು ಹೋಲಿಸಿ ನೋಡಲು ಚಿತ್ರವೇ ಇಲ್ಲ; ಅದನ್ನು ಕಣ್ಣಿಂದಲೇ ನೋಡಬೇಕು. ನೋಡುತ್ತ ಕೂತಾಗ ಹೊಳೆಯಿತು. ಕ್ಯಾಸೆಟ್ಟಿನ ಅಪ್ಪ ಪೂರ್ತಿ ಹಳದಿ, ಹಾಸ್ಟೆಲ್ ಕೋಣೆಯ ಟ್ಯೂಬ್‌ಲೈಟಿನಲ್ಲಿ ನಾನು ನೀಲಿ. ಎನ್‌ಕೋಡರ್‌ಗೆ ಮುಖ ನೋಡುವ ಮೊದಲೇ ಬಣ್ಣದಿಂದ ಯಾರೆಂದು ತಿಳಿಯುತ್ತಿತ್ತು. ಒಬ್ಬೊಬ್ಬರಿಗೂ ಬೇರೆ ಮೂಲೆ ಕೊಟ್ಟು ಕೂರಿಸಿತ್ತು. ಹಂಚಿಕೊಂಡ ಭಾಷೆ ಎಂಬುದು ಬರೀ ಹೆಸರಿಗೆ. ಎರಡೂ ಕಡೆಯ ಸರಾಸರಿ ಬಣ್ಣ ಹೊಂದಿಸಿ, ಅಮ್ಮನ ಅಡುಗೆಮನೆಯ ಬಲ್ಬಿನ ಕೆಳಗೆ ನನ್ನ ವಿಡಿಯೊ ಮತ್ತೆ ತೆಗೆದು, ಮೊದಲಿಂದ ತರಬೇತಿ ಕೊಟ್ಟೆ.

ಈ ಸಲ ಅಪ್ಪ ಬಂದರು. ನಾನು ಹುಬ್ಬೇರಿಸಿದರೆ ಅವರ ಹುಬ್ಬೇರಿತು, ಕತ್ತು ವಾಲಿಸಿದರೆ ವಾಲಿತು. ಸ್ವಲ್ಪ ಹೊತ್ತು ಕೈ ಆಡಲಿಲ್ಲ. ಆಮೇಲೆ ಬಾಯಿ ತೆರೆದು ನಕ್ಕ ವಿಡಿಯೊ ಕೊಟ್ಟೆ. ಮೀಸೆಯ ಕೆಳಗೆ ಮಸುಕಾದೊಂದು ಬಿಳಿ ಪಟ್ಟಿ ತೆರೆದುಕೊಂಡಿತು, ಹಲ್ಲುಗಳಿಲ್ಲ. ಇಡೀ ಕ್ಯಾಸೆಟ್ಟಿನಲ್ಲಿ ಅಪ್ಪ ಹಲ್ಲು ಕಾಣುವಂತೆ ನಕ್ಕದ್ದು ಒಂದು ಫ್ರೇಮಿನಲ್ಲೂ ಇರಲಿಲ್ಲ. ಡಿಕೋಡರ್ ತಾನು ಕಾಣದ್ದನ್ನು ಬಿಡಿಸಲಾರದು, ಕಂಡದ್ದರ ಸರಾಸರಿಯನ್ನು ಬಳಿಯುತ್ತದೆ. ಅವರ ಎಡಗಡೆಯ ಹಲ್ಲು ತುಸು ಮುರಿದಿತ್ತು ಎಂದು ನನಗೆ ಗೊತ್ತು. ಅದನ್ನು ಯಂತ್ರಕ್ಕೆ ಹೇಳುವ ದಾರಿ ನನ್ನ ಬಳಿ ಇರಲಿಲ್ಲ.

ಬಾಯಿ ಮುಚ್ಚಿಯೇ ನಗುವ ಹತ್ತು ಸೆಕೆಂಡು ಮಾತ್ರ ಉಳಿಸಿಕೊಂಡೆ. ಅಮ್ಮನಿಗೆ ತೋರಿಸಬಾರದೆಂದೇ ಇದ್ದೆ. ಆದರೆ ಯುಗಾದಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದಿಟ್ಟು ನೀರು ಕುಡಿಯಲು ಎದ್ದೆ, ಬಂದು ನೋಡಿದರೆ ಅವಳು ಅದರ ಮುಂದೆ ಕೂತಿದ್ದಳು. ಕ್ಲಿಪ್ಪು ಸುತ್ತಿ ಸುತ್ತಿ ಬರುತ್ತಿತ್ತು. ಮೂರು ಸಲ ನೋಡಿರಬೇಕು.

“ಮುಖ ಅವರದ್ದೇ,” ಅಂದಳು. “ಆದ್ರೆ ನಗೋದು ನೀನು ಕಣೋ. ಅವರು ನಗೋಕೆ ಮುಂಚೆ ಒಂದ್ಸಲ ಕೆಳಗೆ ನೋಡೋರು.”

ಅದು ನನಗೆ ಗೊತ್ತೇ ಇರಲಿಲ್ಲ. ಕ್ಯಾಸೆಟ್ಟನ್ನು ಮತ್ತೆ ಹಾಕಿ, ಪಂಕ್ತಿಯಲ್ಲಿ ಪಾಯಸ ಬರುವ ಕಡೆ ನಿಲ್ಲಿಸಿ ನಿಲ್ಲಿಸಿ ನೋಡಿದೆ. ನಿಜ. ಎಲೆಯ ಕಡೆಗೊಮ್ಮೆ ನೋಡಿ, ಆಮೇಲೆ ತುಟಿಯಂಚು ಏರುತ್ತದೆ.